ಹೊಸ ಮನೆಯ ನೀರಿನ ಲೈನ್: ಪ್ರೆಶರ್ ಟೆಸ್ಟ್, ಫ್ಲಶಿಂಗ್, ಕ್ಲೋರಿನ್ ಯಾವಾಗ, ಹೇಗೆ ಮಾಡಿಸಬೇಕು?

ಮನೆ ಕಟ್ಟಿಸುತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಪ್ಲಂಬರ್ ಟೆಸ್ಟ್ ಆಯ್ತು ಅಂತಾರೆ, ನಂಬಬಹುದಾ?" "ಹೊಸ ನಲ್ಲಿ, ಆಗಲೇ ತೊಟ್ಟಿಕ್ಕುತ್ತಿದೆ, ಯಾಕೆ?" "ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕಂತೆ, ಎಷ್ಟು?" ಈ ಮೂರಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲಿಗೇ ಒಂದು ಮಾತು. ಪ್ರೆಶರ್ ಟೆಸ್ಟ್, ಫ್ಲಶಿಂಗ್, ಕ್ಲೋರಿನ್ ಹಾಕುವುದು, ಇವು ಮೂರು ಬೇರೆ ಕೆಲಸಗಳು. ಮೂರಕ್ಕೂ ಬೇರೆ ಬೇರೆ ಸಮಯ ಇದೆ. ಪ್ರೆಶರ್ ಟೆಸ್ಟ್ ಅಂದರೆ ಪೈಪಿನೊಳಗೆ ನೀರು ತುಂಬಿ ಒತ್ತಡ ಕೊಟ್ಟು ಜಾಯಿಂಟ್ ಸೋರುತ್ತದಾ ಅಂತ ನೋಡುವುದು. ಇದು ಗೋಡೆಗೆ ಗಾರೆ ಬೀಳುವ ಮುಂಚೆ ಆಗಬೇಕು. ಫ್ಲಶಿಂಗ್ ಅಂದರೆ ಜೋರಾಗಿ ನೀರು ಹರಿಸಿ ಪೈಪಿನೊಳಗಿನ ಕಸ ಹೊರಹಾಕುವುದು. ಇದು ನಲ್ಲಿ, ಮಿಕ್ಸರ್ ಕೂರಿಸುವ ಹೊತ್ತಿಗೆ. ಕ್ಲೋರಿನ್ ಹಾಕುವುದು ಕ್ರಿಮಿ ಸಾಯಿಸಲಿಕ್ಕೆ, ಅದು ಕೊನೆಗೆ, ವಾಸಕ್ಕೆ ಬರುವ ಮುಂಚಿನ ಒಂದು ವಾರದೊಳಗೆ. ನಮ್ಮಲ್ಲಿ ಆಗುವುದೇನು ಅಂದರೆ ಮೂರನ್ನೂ ಗೃಹಪ್ರವೇಶದ ಹಿಂದಿನ ದಿನಕ್ಕೆ ತಳ್ಳುತ್ತಾರೆ. ಅವತ್ತು ಲೀಕು ಸಿಕ್ಕರೆ ಟೈಲ್ಸ್ ಒಡೆಯಬೇಕಾಗುತ್ತದೆ.

"ಮೈಸೂರಲ್ಲಿ ಬರೋದು ಶುದ್ಧ ಮಾಡಿದ ಕಾವೇರಿ, ಕಬಿನಿ ನೀರು, ಮತ್ತೆ ಕ್ಲೋರಿನ್ ಯಾಕೆ?" ಅಂತಲೂ ಕೇಳುತ್ತಾರೆ. ಬೀದಿ ಪೈಪಿನಲ್ಲಿ ಬರುವ ನೀರಲ್ಲಿ ಕ್ಲೋರಿನ್ ಇರುತ್ತದೆ, ನಿಜ. ಆದರೆ ಅದು ಮೊದಲು ಸಂಪಿಗೆ ಬೀಳುತ್ತದೆ, ಆಮೇಲೆ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ನಿಂತಲ್ಲಿ ಕ್ಲೋರಿನ್ ಕಡಿಮೆಯಾಗುತ್ತಾ ಹೋಗುತ್ತದೆ. ಉಳಿದ ಅಷ್ಟಿಷ್ಟು ಹೊಸ ಪೈಪಿನ ಮಣ್ಣು, ಕೈಕೊಳೆ, ತಿಂಗಳುಗಟ್ಟಲೆ ನಿಂತ ಟೆಸ್ಟಿನ ನೀರು, ಇವನ್ನೆಲ್ಲ ಸರಿಮಾಡುವಷ್ಟು ಇರುವುದಿಲ್ಲ.

ಲೆಕ್ಕ ಸುಲಭವಾಗಲಿ ಅಂತ ಒಂದು ಮನೆ ಇಟ್ಟುಕೊಳ್ಳೋಣ. ಬೋಗಾದಿ ಕಡೆ, ಕೆಳಗೊಂದು ಮೇಲೊಂದು ಮಹಡಿ. ಒಳಗೆಲ್ಲ ಸಿಪಿವಿಸಿ, ಅಂದರೆ ಬಿಸಿನೀರೂ ತಡೆಯುವ ಪ್ಲಾಸ್ಟಿಕ್ ಪೈಪು. ಟೆರೇಸಿನ ಮೇಲೆ 1000 ಲೀಟರ್ ಟ್ಯಾಂಕ್, ಪಕ್ಕದಲ್ಲಿ ಪ್ರೆಶರ್ ಪಂಪ್, ಸೋಲಾರ್. ತಣ್ಣೀರು, ಬಿಸಿನೀರು ಎರಡೂ ಸೇರಿ ಸುಮಾರು 80 ಮೀಟರ್ ಪೈಪು. ಅಷ್ಟು ಪೈಪಿನೊಳಗೆ ಹಿಡಿಯುವ ನೀರು ಬರೀ 20 ಲೀಟರ್ ಆಸುಪಾಸು. ಈ 20 ಲೀಟರ್ ಲೆಕ್ಕ ಮುಂದೆ ಬೇಕಾಗುತ್ತದೆ.

ಏನೇನು ಬೇಕು

ಕೈಯಲ್ಲಿ ಒತ್ತುವ ಟೆಸ್ಟಿಂಗ್ ಪಂಪ್. ಪ್ಲಂಬಿಂಗ್ ಅಂಗಡಿಗಳಲ್ಲಿ ಬಾಡಿಗೆಗೆ ವಿಚಾರಿಸಿ. ಅದರ ಒತ್ತಡ ತೋರಿಸುವ ಗೇಜ್ 10 ಅಥವಾ 15 ಕೆಜಿವರೆಗಿನದ್ದಾಗಿರಲಿ. 40 ಕೆಜಿ ಗೇಜಿನಲ್ಲಿ ಕಾಲು ಕೆಜಿ ಇಳಿದರೆ ಕಣ್ಣಿಗೆ ಕಾಣುವುದೇ ಇಲ್ಲ. (ಕೆಜಿ ಅಂದರೆ ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಒತ್ತಡ ಅಂತ. ಸೈಟಿನಲ್ಲಿ ಎಲ್ಲರೂ ಹೇಳುವುದು ಹಾಗೇ.) ನಲ್ಲಿ ಕೂರುವ ಎಲ್ಲ ಪಾಯಿಂಟಿಗೂ ಬಾಯಿ ಮುಚ್ಚುವ ಎಂಡ್ ಪ್ಲಗ್, ಎರಡು ಕನೆಕ್ಷನ್ ಪೈಪು, ಒಂದು ಬಿಳಿ ಬಕೆಟ್, ಬಿಳಿ ಬಟ್ಟೆ. ಕೊನೆ ಹಂತಕ್ಕೆ ಹೊಸ ಬ್ಲೀಚಿಂಗ್ ಪೌಡರ್ ಪ್ಯಾಕೆಟ್, ಕ್ಲೋರಿನ್ ನೋಡುವ ಕಿಟ್, ಗ್ಲೌಸ್, ಕನ್ನಡಕ.

ಹಂತ 1: ಲೈನ್ ಸಿದ್ಧ ಮಾಡಿ

ಕೊನೆಯ ಜಾಯಿಂಟಿಗೆ ಸಲ್ಯೂಷನ್ ಹಚ್ಚಿ 24 ಗಂಟೆ ಆಗಿರಬೇಕು. ಸಲ್ಯೂಷನ್ ಅಂದರೆ ಪೈಪು ಮತ್ತು ಫಿಟಿಂಗನ್ನು ಕರಗಿಸಿ ಒಂದು ಮಾಡುವ ಅಂಟು. ಮೇಲೆ ಒಣಗಿದಂತೆ ಕಂಡರೂ ಒಳಗೆ ಗಟ್ಟಿಯಾಗಲು ಹೊತ್ತು ಬೇಕು. ಪೈಪಿನ ಕಂಪನಿ ಇನ್ನೂ ಹೆಚ್ಚು ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ.

ಲೈನನ್ನು ಟ್ಯಾಂಕಿನಿಂದ ಬಿಡಿಸಿ ಅಲ್ಲಿ ಪ್ಲಗ್ ಹಾಕಿಸಿ. ವಾಲ್ವ್ ಮುಚ್ಚಿದ್ದೇವಲ್ಲ ಅಂತ ಅದನ್ನೇ ನಂಬಬೇಡಿ. ಎಷ್ಟೋ ವಾಲ್ವುಗಳು ಒಳಗೊಳಗೇ ನೀರು ಬಿಡುತ್ತವೆ. ಆಗ ಪೈಪು ಚೆನ್ನಾಗಿದ್ದರೂ ಟೆಸ್ಟ್ ಫೇಲ್ ಆಗುತ್ತದೆ. ಪ್ರೆಶರ್ ಪಂಪ್, ಗೀಸರ್, ಸೋಲಾರ್ ಯಾವುದೂ ಲೈನಿನಲ್ಲಿ ಇರಬಾರದು. ಮನೆಗಳಲ್ಲಿ ಹಾಕುವ ಸಾಧಾರಣ ಸೋಲಾರ್ ಟ್ಯಾಂಕು ಒತ್ತಡ ತಡೆಯುವ ಟ್ಯಾಂಕೇ ಅಲ್ಲ. ಮೇಲೊಂದು ಗಾಳಿ ಪೈಪು ತೆರೆದಿರುತ್ತದೆ, ಅಷ್ಟೇ. ಅದಕ್ಕೆ ಟೆಸ್ಟ್ ಒತ್ತಡ ಹೋದರೆ ಟ್ಯಾಂಕು ಕೆಟ್ಟಂತೆಯೇ.

ಗೀಸರ್ ಪಾಯಿಂಟಿನಲ್ಲಿ ತಣ್ಣೀರಿನ ಬಾಯಿಗೂ ಬಿಸಿನೀರಿನ ಬಾಯಿಗೂ ಒಂದು ಕನೆಕ್ಷನ್ ಪೈಪು ಹಾಕಿ ಸೇರಿಸಿ. ಸೈಟಿನಲ್ಲಿ ಇದನ್ನು ಲೂಪ್ ಅಂತಾರೆ. ಇದರಿಂದ ಎರಡೂ ಲೈನ್ ಒಟ್ಟಿಗೆ ಟೆಸ್ಟ್ ಆಗುತ್ತವೆ. ಲೂಪ್ ಹಾಕದೆ ಬರೀ ತಣ್ಣೀರಿನ ಲೈನ್ ಟೆಸ್ಟ್ ಮಾಡಿ "ಓಕೆ" ಅಂದುಬಿಡುವುದು ತುಂಬಾ ಸಾಮಾನ್ಯ. ಪ್ಲಂಬರನ್ನು ನೇರವಾಗಿ ಕೇಳಿ: "ಬಿಸಿನೀರಿನ ಲೈನಿಗೆ ನೀರು ಎಲ್ಲಿಂದ ಹೋಗ್ತಿದೆ, ತೋರಿಸಿ."

ಹಂತ 2: ನೀರು ತುಂಬಿ, ಗಾಳಿ ಬಿಡಿ

ಎಲ್ಲರೂ ಅವಸರ ಮಾಡುವ ಹಂತ ಇದು. ಇಲ್ಲಿ ಅವಸರ ಮಾಡಿದರೆ ಮುಂದಿನ ಗೇಜಿನ ಮುಳ್ಳಿಗೆ ಅರ್ಥವೇ ಇರುವುದಿಲ್ಲ.

ನೆಲಮಹಡಿಯ ಒಂದು ಪಾಯಿಂಟಿನಿಂದ ನಿಧಾನವಾಗಿ ನೀರು ತುಂಬಿಸಿ. ಟೆರೇಸಿನ ಮೇಲಿನ, ಅಂದರೆ ಎಲ್ಲಕ್ಕಿಂತ ಎತ್ತರದ ಪಾಯಿಂಟು ತೆರೆದಿರಲಿ. ಅಲ್ಲಿಂದ ಬುಸ್ ಬುಸ್ ಅಂತ ಬರುವುದು ನಿಂತು, ಒಂದೇ ಧಾರೆಯಾಗಿ ನೀರು ಬಂದ ಮೇಲೆ ಅದನ್ನು ಮುಚ್ಚಿ. ಆಮೇಲೆ ಮೇಲಿನ ಮಹಡಿಯ ಶವರ್ ಪಾಯಿಂಟುಗಳ ಪ್ಲಗ್ ಒಂದೊಂದಾಗಿ ಸಡಿಲಿಸಿ ಗಾಳಿ ಬಿಡಿ. ಶವರ್ ಪಾಯಿಂಟು ಗೋಡೆಯಲ್ಲಿ ಎತ್ತರದಲ್ಲಿ ಕೊನೆಯಾಗುವುದರಿಂದ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಗಾಳಿ ಇದ್ದರೆ ಏನಾಗುತ್ತದೆ? ನೀರನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗಾಳಿಯನ್ನು ಕುಗ್ಗಿಸಬಹುದು. ಲೈನಿನಲ್ಲಿ ಬರೀ ನೀರಿದ್ದರೆ, ನಮ್ಮ 20 ಲೀಟರಿನ ಲೈನಿನಿಂದ ಒಂದೆರಡು ಚಮಚ ನೀರು ಸೋರಿದರೂ ಮುಳ್ಳು 1 ಕೆಜಿಯಷ್ಟು ಇಳಿಯುತ್ತದೆ. ಒಳಗೆ ಅರ್ಧ ಲೀಟರ್ ಗಾಳಿ ಸೇರಿಕೊಂಡಿದ್ದರೆ ಅಷ್ಟೇ ಇಳಿಯಲು ಅದಕ್ಕಿಂತ ಹೆಚ್ಚು ನೀರು ಹೋಗಬೇಕು. ಅಂದರೆ ಗಾಳಿ ಸಣ್ಣ ಲೀಕನ್ನು ಮುಚ್ಚಿಡುತ್ತದೆ. ಮುಳ್ಳು ಅಲ್ಲಾಡಲಿಲ್ಲ ಅಂತ ನೀವು ನೆಮ್ಮದಿಯಾಗಿರುತ್ತೀರಿ, ಗೋಡೆಯೊಳಗೆ ಹನಿ ಬೀಳುತ್ತಲೇ ಇರುತ್ತದೆ.

ಗಾಳಿ ಇದೆಯಾ ಇಲ್ಲವಾ ಅಂತ ಪಂಪೇ ಹೇಳುತ್ತದೆ. ಲೈನ್ ಪೂರ್ತಿ ತುಂಬಿದ್ದರೆ ಕೆಲವೇ ಹೊಡೆತಕ್ಕೆ ಮುಳ್ಳು ಸರ್ರನೆ ಏರುತ್ತದೆ, ಹ್ಯಾಂಡಲ್ ಬಿಗಿಯಾಗುತ್ತದೆ. ಎಷ್ಟು ಹೊಡೆದರೂ ಮೆತ್ತಗೆ ಹೋಗುತ್ತಾ ಮುಳ್ಳು ನಿಧಾನವಾಗಿ ಏರುತ್ತಿದ್ದರೆ ಒಳಗೆ ಗಾಳಿ ಇದೆ. ನಿಲ್ಲಿಸಿ, ಒತ್ತಡ ಇಳಿಸಿ, ಮತ್ತೆ ಮೇಲಿನ ಪ್ಲಗ್ ಸಡಿಲಿಸಿ.

ಒಂದು ಗಟ್ಟಿ ಎಚ್ಚರಿಕೆ: "ನೀರಿಲ್ಲ, ಕಂಪ್ರೆಸರ್ ಗಾಳಿಯಲ್ಲೇ ಟೆಸ್ಟ್ ಮಾಡ್ತೀವಿ" ಅಂದರೆ ಬೇಡ ಅನ್ನಿ. ಒತ್ತಿದ ಗಾಳಿ ತುಂಬಿದ ಪ್ಲಾಸ್ಟಿಕ್ ಪೈಪು ಒಡೆದರೆ ಚೂರುಗಳು ಸಿಡಿದು ಕಣ್ಣಿಗೆ, ಮೈಗೆ ಹೊಡೆಯುತ್ತವೆ.

ಹಂತ 3: ಒತ್ತಡ ಎಷ್ಟು, ಎಷ್ಟು ಹೊತ್ತು

ಮನೆಯಲ್ಲಿ ಪೈಪಿಗೆ ಬೀಳುವ ಅತಿ ಹೆಚ್ಚಿನ ಒತ್ತಡದ ಒಂದೂವರೆ ಪಟ್ಟು ಟೆಸ್ಟ್ ಒತ್ತಡ ಅನ್ನುವುದು ರೂಢಿಯ ಲೆಕ್ಕ. ಆ ಅತಿ ಹೆಚ್ಚಿನ ಒತ್ತಡ ಎಷ್ಟು ಅನ್ನುವಲ್ಲೇ ತಪ್ಪಾಗುವುದು.

10 ಮೀಟರ್ ಎತ್ತರದ ನೀರು ಸುಮಾರು 1 ಕೆಜಿ ಒತ್ತಡ ಕೊಡುತ್ತದೆ. ನಮ್ಮ ಬೋಗಾದಿ ಮನೆಯಲ್ಲಿ ಟ್ಯಾಂಕಿನ ನೀರು ನೆಲಮಹಡಿಯ ಪೈಪಿಗಿಂತ 9 ಮೀಟರ್ ಮೇಲಿದೆ ಅನ್ನೋಣ. ಅದು 0.9 ಕೆಜಿ. ಪ್ರೆಶರ್ ಪಂಪ್ 2.5 ಕೆಜಿಯದ್ದು. ಪಂಪ್ ಟೆರೇಸಿನಲ್ಲಿದೆ, ಹಾಗಾಗಿ ಎರಡೂ ಕೂಡುತ್ತವೆ. ನೆಲಮಹಡಿಯ ಪೈಪಿನಲ್ಲಿ ಒಟ್ಟು 3.4 ಕೆಜಿ. ಅದರ ಒಂದೂವರೆ ಪಟ್ಟು 5.1. ಸ್ವಲ್ಪ ಮೇಲಕ್ಕೆ ಹಿಡಿದು 6 ಕೆಜಿಗೆ ಟೆಸ್ಟ್ ಮಾಡಿಸಿ. ತಣ್ಣೀರು ತುಂಬಿದ, ಸರಿಯಾಗಿ ಅಂಟಿಸಿದ ಸಿಪಿವಿಸಿ ಪೈಪಿಗೆ 6 ಕೆಜಿ ಏನೂ ದೊಡ್ಡದಲ್ಲ. ಮನೆಗೆ ಹಾಕುವ ಪೈಪುಗಳ ತಡೆಯುವ ಶಕ್ತಿ ಇದರ ಎಷ್ಟೋ ಪಟ್ಟು ಇರುತ್ತದೆ.

ಗೇಜ್ ನೆಲಮಹಡಿಯಲ್ಲೇ ಇರಲಿ. ಗೇಜನ್ನು ಟೆರೇಸಿನಲ್ಲಿಟ್ಟು 6 ತೋರಿಸಿದರೆ ಕೆಳಗೆ ಸುಮಾರು 7 ಇರುತ್ತದೆ. ಕೆಳಗಿಟ್ಟು 6 ತೋರಿಸಿದರೆ ಮೇಲೆ ಸುಮಾರು 5 ಇರುತ್ತದೆ. ಎಲ್ಲಿ ಓದಿದ್ದು ಅಂತ ಬರೆದಿಡದ ಟೆಸ್ಟ್ ಅರ್ಧ ಟೆಸ್ಟ್.

ಈಗ 6 ಕೆಜಿ ಏರಿಸಿ ಅರ್ಧ ಗಂಟೆ ಬಿಡಿ. ಈ ಅರ್ಧ ಗಂಟೆಯಲ್ಲಿ ಮುಳ್ಳು ಸ್ವಲ್ಪ ಇಳಿದರೆ ಗಾಬರಿ ಬೇಡ. ಪ್ಲಾಸ್ಟಿಕ್ ಪೈಪು ಒತ್ತಡಕ್ಕೆ ಕೂದಲೆಳೆಯಷ್ಟು ಉಬ್ಬುತ್ತದೆ, ಅಷ್ಟು ಜಾಗಕ್ಕೆ ಒತ್ತಡ ಇಳಿಯುತ್ತದೆ. ಇಳಿದಷ್ಟನ್ನು ಮತ್ತೆ ಪಂಪ್ ಮಾಡಿ 6ಕ್ಕೆ ತನ್ನಿ. ಆಮೇಲೆ ಪಂಪಿನ ಪಕ್ಕದ ವಾಲ್ವ್ ಮುಚ್ಚಿ, ಗಡಿಯಾರ ನೋಡಿಕೊಂಡು ಒಂದು ಗಂಟೆ ಬಿಡಿ. ಈ ಒಂದು ಗಂಟೆಯಲ್ಲಿ ಮುಳ್ಳು ನಿಂತಲ್ಲೇ ನಿಲ್ಲಬೇಕು. ಶುರುವಿನಲ್ಲಿ ಒಂದು, ಕೊನೆಯಲ್ಲಿ ಒಂದು ಗೇಜಿನ ಫೋಟೋ ತೆಗೆದಿಡಿ.

ಈ ಕೆಲಸ ಬೆಳಗ್ಗೆ ಬೇಗ ಮಾಡಿಸಿ. ಟೆರೇಸಿನ ಪೈಪಿಗೆ ಬಿಸಿಲು ಬಿದ್ದರೆ ಒಳಗಿನ ನೀರು ಹಿಗ್ಗಿ ಮುಳ್ಳು ತಾನಾಗೇ ಏರುತ್ತದೆ. ಮೋಡ ಕವಿದರೆ ಇಳಿಯುತ್ತದೆ. ಬಿಸಿಲಿನ ಏರಿಕೆ ಮತ್ತು ಲೀಕಿನ ಇಳಿಕೆ ಒಂದಕ್ಕೊಂದು ಸರಿಹೋಗಿ "ಏನೂ ಆಗಿಲ್ಲ" ಅಂತ ಕಾಣುವ ಸಾಧ್ಯತೆಯೂ ಇದೆ. ಹೊತ್ತು ಏರಿದ ಮೇಲೆ ಮುಳ್ಳು 6 ದಾಟಿ ಹೋದರೆ ಟೆಸ್ಟ್ ಪಾಸಾಯಿತು ಅಂತಲ್ಲ. ಮಾರನೇ ದಿನ ಬೆಳಗ್ಗೆ ಮತ್ತೆ ನೋಡಿ.

"ಟ್ಯಾಂಕಿನ ನೀರು ಬಿಟ್ಟು ರಾತ್ರಿಯೆಲ್ಲ ನೋಡಿದ್ವಿ ಸಾರ್, ಒಂದು ಹನಿ ಇಲ್ಲ." ಈ ಮಾತಿಗೆ ಒಪ್ಪಬೇಡಿ. ಅದು ಬರೀ 0.9 ಕೆಜಿ. ಪೈಪನ್ನು ಅಳತೆಗೆ ಕೂರಿಸಿ ನೋಡುವಾಗ ಒಂದು ಜಾಯಿಂಟಿಗೆ ಸಲ್ಯೂಷನ್ ಹಚ್ಚುವುದು ಮರೆತಿದ್ದರೂ ಅದು 0.9 ಕೆಜಿಗೆ ಹಿಡಿದುಕೊಂಡೇ ಇರಬಹುದು. ಪ್ರೆಶರ್ ಪಂಪ್ ಹಾಕಿದ ದಿನ ಕಳಚುತ್ತದೆ. ಅಷ್ಟರಲ್ಲಿ ಮೇಲೆ ಟೈಲ್ಸ್ ಕೂತಿರುತ್ತದೆ.

ಹಂತ 4: ಮುಳ್ಳು ಇಳಿದರೆ

ಮೊದಲು ಪಂಪನ್ನೇ ಅನುಮಾನಿಸಿ. ಅದರ ಹೋಸು, ವಾಶರು, ಒಳಗಿನ ವಾಲ್ವ್ ಸೋರುವುದು ಮಾಮೂಲು. ಗೇಜ್ ಲೈನಿನ ಕಡೆ ಇರಬೇಕು, ಗೇಜಿಗೂ ಪಂಪಿಗೂ ನಡುವೆ ವಾಲ್ವ್ ಇರಬೇಕು. ಆ ವಾಲ್ವ್ ಮುಚ್ಚಿದ ಮೇಲೂ ಮುಳ್ಳು ಇಳಿದರೆ ಮಾತ್ರ ಲೈನಿನ ತಪ್ಪು.

ಆಮೇಲೆ ಪಾಯಿಂಟುಗಳಿಗೆ ಬನ್ನಿ. ಪ್ಲಗ್ ಕೂರಿಸಿದ ಹಿತ್ತಾಳೆ ಮರೆಯಲ್ಲಿ, ಅಂದರೆ ತಿರುಪಿನ ಸುತ್ತುಗಳಲ್ಲಿ, ಟೆಫ್ಲಾನ್ ಟೇಪ್ ಕಡಿಮೆಯಾಗಿದ್ದರೆ ಅಲ್ಲೇ ಸೋರುತ್ತದೆ. ಒಂದೊಂದು ಪಾಯಿಂಟಿನ ಸುತ್ತ ಒಣ ಟಿಶ್ಯೂ ಪೇಪರ್ ಸುತ್ತಿ ಹತ್ತು ನಿಮಿಷ ಬಿಡಿ. ಕಣ್ಣಿಗೆ ಕಾಣದ ಒದ್ದೆ ಪೇಪರಿನಲ್ಲಿ ಕಾಣುತ್ತದೆ. ಟೇಪ್ ಬದಲು ಸ್ಪ್ಯಾನರಿನಲ್ಲಿ ಬಲವಂತವಾಗಿ ತಿರುಗಿಸಲು ಬಿಡಬೇಡಿ. ಪ್ಲಾಸ್ಟಿಕ್ ಮರೆಯ ಫಿಟಿಂಗಾದರೆ ಅವತ್ತು ಸಣ್ಣ ಸೀಳು ಬಿಟ್ಟು, ತಿಂಗಳುಗಳ ಮೇಲೆ ಒಡೆಯುತ್ತದೆ.

ಅಲ್ಲೂ ಸಿಗಲಿಲ್ಲವಾ? ಲೈನನ್ನು ಭಾಗ ಮಾಡಿ. ಗೀಸರಿನ ಲೂಪ್ ತೆಗೆದು ಎರಡೂ ಬಾಯಿಗೆ ಪ್ಲಗ್ ಹಾಕಿ, ತಣ್ಣೀರಿನ ಲೈನ್ ಒಂದನ್ನೇ ನೋಡಿ. ಆಮೇಲೆ ಒಂದು ಮಹಡಿ, ಆಮೇಲೆ ಒಂದು ಬಾತ್‌ರೂಮು. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಬೇಗ ಸಿಗುತ್ತದೆ.

ಲೀಕು ಸಿಕ್ಕ ಜಾಯಿಂಟಿನ ಮೇಲೆ ಇನ್ನಷ್ಟು ಸಲ್ಯೂಷನ್ ಬಳಿಯುವುದು, ಎಂ-ಸೀಲ್ ಮೆತ್ತುವುದು ರಿಪೇರಿ ಅಲ್ಲ. ಆ ಫಿಟಿಂಗನ್ನೇ ಕತ್ತರಿಸಿ ತೆಗೆದು ಹೊಸದು ಹಾಕಿಸಿ. ಮತ್ತೆ 24 ಗಂಟೆ, ಮತ್ತೆ ಪೂರ್ತಿ ಟೆಸ್ಟ್.

ಹಂತ 5: ಗಾರೆ, ಟೈಲ್ಸ್ ಮುಗಿಯುವವರೆಗೆ

ಟೆಸ್ಟ್ ಪಾಸಾದ ಮೇಲೆ ಒತ್ತಡವನ್ನು 2 ಕೆಜಿಗೆ ಇಳಿಸಿ, ಗೇಜ್ ಅಲ್ಲೇ ಇರಲಿ. ಗಾರೆಯವರು ಮೊಳೆ ಹೊಡೆದಾಗ, ಟೈಲ್ಸಿನವರು ಡ್ರಿಲ್ ಮಾಡಿದಾಗ ಪೈಪಿಗೆ ತಗುಲಿದರೆ ಮುಳ್ಳು ಸೊನ್ನೆಗೆ ಬೀಳುತ್ತದೆ. ಯಾರು, ಎಲ್ಲಿ ಕೆಲಸ ಮಾಡುತ್ತಿದ್ದರು ಅಂತ ಅವತ್ತೇ ಗೊತ್ತಾಗುತ್ತದೆ. ದಿನಾ ಸಂಜೆ ಬಂದಾಗ ಗೇಜ್ ಒಮ್ಮೆ ನೋಡಿ.

ಇದರಲ್ಲಿ ಒಂದು ತೊಂದರೆ ಇದೆ. ಅದೇ ನೀರು ತಿಂಗಳುಗಟ್ಟಲೆ ಪೈಪಿನಲ್ಲಿ ನಿಂತಿರುತ್ತದೆ, ಕ್ರಿಮಿ ಬೆಳೆಯಲು ಅದೇ ಬೇಕಾಗಿರುವುದು. ಗೋಡೆ ಕೆಲಸ ಮುಗಿಯುತ್ತಲೇ ಆ ನೀರನ್ನು ಪೂರ್ತಿ ಬಸಿದುಬಿಡಿ. ಕೊನೆಯಲ್ಲಿ ಕ್ಲೋರಿನ್ ಹಾಕುವುದನ್ನು ತಪ್ಪಿಸಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ಹಂತ 6: ಫ್ಲಶಿಂಗ್

ಮೊದಲು ಸಂಪು, ಟ್ಯಾಂಕು. ಕೊಳಕು ಟ್ಯಾಂಕಿನ ನೀರಲ್ಲಿ ಪೈಪು ತೊಳೆಯಲು ಆಗುವುದಿಲ್ಲ. ಸಂಪಿನ ಗೋಡೆಯ ಸಿಮೆಂಟು ಪುಡಿ, ತಳದ ಮರಳು ತೆಗೆಸಿ ಉಜ್ಜಿ ತೊಳೆಸಿ. ಮೋಟಾರಿನ ಕರೆಂಟ್ ತೆಗೆದ ಮೇಲೆಯೇ ಇಳಿಯಬೇಕು. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಿಸಿ, ಮೇಲೆ ಒಬ್ಬರು ನಿಂತಿರಲಿ. ಮುಚ್ಚಿಟ್ಟ ಸಂಪಿನಲ್ಲಿ ಉಸಿರುಕಟ್ಟಿ ಜೀವ ಹೋಗಿರುವುದುಂಟು.

ಪೈಪಿನೊಳಗೆ ಏನಿರುತ್ತದೆ? ಪೈಪು ಕೊಯ್ದಾಗ ಬಿದ್ದ ಪ್ಲಾಸ್ಟಿಕ್ ಚೂರು, ಒಣಗಿದ ಸಲ್ಯೂಷನ್ ಮಣಿಗಳು, ಟೇಪಿನ ಎಳೆ, ಮರಳು. ಹೊಸ ನಲ್ಲಿಯೊಳಗಿನ ಸೆರಾಮಿಕ್ ಬಿಲ್ಲೆಗಳ ನಡುವೆ ಒಂದು ಮರಳ ಕಣ ಸಿಕ್ಕರೆ ಗೀರು ಬೀಳುತ್ತದೆ. ಹೊಸ ನಲ್ಲಿ ತೊಟ್ಟಿಕ್ಕುವುದು ಹೆಚ್ಚಾಗಿ ಇದರಿಂದಲೇ. ಹಾಗಾಗಿ ಫ್ಲಶಿಂಗ್ ಆಗದೆ ಮಿಕ್ಸರ್, ಡೈವರ್ಟರ್ ಒಳಭಾಗ ಕೂರಿಸಬಾರದು. ಈಗಾಗಲೇ ಕೂರಿಸಿದ್ದರೆ ನಲ್ಲಿ ತುದಿಯ ಜಾಲರಿ, ಶವರ್ ಹೆಡ್, ಹೆಲ್ತ್ ಫಾಸೆಟ್ ಬಿಚ್ಚಿ. ಸಿಂಕು, ಕಮೋಡಿನ ಬಳಿ ಕನೆಕ್ಷನ್ ಪೈಪು ಬಿಚ್ಚಿ ಆಂಗಲ್ ಕಾಕಿನಿಂದಲೇ ಬಕೆಟ್ಟಿಗೆ ಬಿಡಿ.

ಕಸ ಹೊರಬರುವುದು ಹರಿವಿನ ಜೋರಿಗೆ. ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟರೆ ಎಲ್ಲವೂ ಸಣ್ಣಗೆ ಬರುತ್ತವೆ, ಮರಳು ಎಲ್ಬೋದಲ್ಲೇ ಕೂರುತ್ತದೆ. ಅದಕ್ಕೆ ಒಂದು ಸಲಕ್ಕೆ ಒಂದೇ ಪಾಯಿಂಟು, ಪೂರ್ತಿ ತೆರೆದು. ಮೇಲಿನ ಮಹಡಿಗೆ ಟ್ಯಾಂಕಿನ ಎತ್ತರ ಕಡಿಮೆ ಇರುವುದರಿಂದ ಅಲ್ಲಿ ಪ್ರೆಶರ್ ಪಂಪ್ ಹಾಕಿಕೊಂಡೇ ಮಾಡಿ. ಟ್ಯಾಂಕಿಗೆ ಹತ್ತಿರದ ಪಾಯಿಂಟಿನಿಂದ ಶುರುಮಾಡಿ, ದೂರಕ್ಕೆ ಹೋಗುತ್ತಾ, ನೆಲಮಹಡಿಯ ಕೊನೆಯ ನಲ್ಲಿಯಲ್ಲಿ ಮುಗಿಸಿ. ಗೀಸರ್ ಬಳಿಯ ಲೂಪ್ ಇನ್ನೂ ಇರಲಿ, ಬಿಸಿನೀರಿನ ಕಡೆಯೂ ಹೀಗೇ ತೊಳೆಯಬೇಕು.

ಪ್ರತಿ ಪಾಯಿಂಟಿಗೂ ಎರಡು ಮೂರು ನಿಮಿಷ, ಆಮೇಲೆ ಬಿಳಿ ಬಟ್ಟೆ ಹಿಡಿದು ಅದರ ಮೂಲಕ ಒಂದು ಬಕೆಟ್ ನೀರು ಬಿಡಿ. ಬಟ್ಟೆಯಲ್ಲಿ ಚೂರು, ಮರಳು ಕಂಡರೆ ಮತ್ತೆ ಬಿಡಿ. ಬಟ್ಟೆ ಸ್ವಚ್ಛ ಬರುವವರೆಗೆ ಆ ಪಾಯಿಂಟು ಮುಗಿದಿಲ್ಲ. ನಮ್ಮ ಲೈನ್ ಹಿಡಿಯುವುದೇ 20 ಲೀಟರ್, ಹಾಗಾಗಿ ಒಂದು ಟ್ಯಾಂಕ್ ನೀರಲ್ಲಿ ಈ ಕೆಲಸ ಆಗಬೇಕು. ಆ ನೀರು ಗಿಡಕ್ಕೆ ಬಿಡಬಹುದು.

ಹಂತ 7: ಕ್ಲೋರಿನ್

ಅವತ್ತು ಮನೆಯಲ್ಲಿ ಎಲ್ಲೂ ಆಸಿಡ್ ಕೆಲಸ ಇರಬಾರದು. ಹೊಸ ಮನೆಗಳಲ್ಲಿ ಟೈಲ್ಸಿನ ಸಿಮೆಂಟು ಕಲೆ ತೆಗೆಯಲು ಆಸಿಡ್ ಹಾಕಿ ತೊಳೆಯುತ್ತಾರೆ. ಬಾತ್‌ರೂಮಿನ ಆಸಿಡ್ ಮೇಲೆ ಬ್ಲೀಚಿಂಗ್ ದ್ರಾವಣ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಅದು ವಿಷ. ಆಸಿಡ್ ತೊಳೆದದ್ದು ಹಿಂದಿನ ದಿನವೇ ಮುಗಿದು, ನೀರು ಹಾಕಿ ಚೆನ್ನಾಗಿ ತೊಳೆದುಹೋಗಿರಬೇಕು. ಬ್ಲೀಚಿಂಗ್ ಬಕೆಟ್ಟಿಗೆ ಟಾಯ್ಲೆಟ್ ಕ್ಲೀನರ್ ಕೂಡ ತಾಗಬಾರದು.

ಇನ್ನೊಂದು, ಕೆಲಸದವರು. ಪೇಂಟರು, ಕಾರ್ಪೆಂಟರು ಬಾಯಾರಿದಾಗ ನಲ್ಲಿಗೇ ಬಾಯಿಡುತ್ತಾರೆ. ಎಲ್ಲರಿಗೂ ಹೇಳಿ, ಪ್ರತಿ ನಲ್ಲಿಗೂ "ಕುಡಿಯಬೇಡಿ" ಅಂತ ಚೀಟಿ ಅಂಟಿಸಿ, ಕುಡಿಯಲು ಕ್ಯಾನ್ ನೀರು ತಂದಿಡಿ.

ಎಷ್ಟು ಹಾಕಬೇಕು? ಗುರಿ 50 ಪಿಪಿಎಂ, ಅಂದರೆ ಒಂದು ಲೀಟರ್ ನೀರಿಗೆ 50 ಮಿಲಿಗ್ರಾಂ ಕ್ಲೋರಿನ್. 1000 ಲೀಟರಿಗೆ 50 ಗ್ರಾಂ ಕ್ಲೋರಿನ್ ಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಇರುವುದು ಮೂರನೇ ಒಂದು ಪಾಲು, ಸುಮಾರು 33 ಶೇಕಡಾ. ಅಲ್ಲಿಗೆ 150 ಗ್ರಾಂ ಪುಡಿ. ಭಾರತೀಯ ಮಾನಕ ಸಂಸ್ಥೆಯ ನೀರು ಸರಬರಾಜು ನಿಯಮಗಳಲ್ಲೂ 1000 ಲೀಟರಿಗೆ 150 ಗ್ರಾಂ ಅಂತಲೇ ಇರುವುದು. ಬೇರೆ ಅಳತೆಗೆ ಲೆಕ್ಕ ಹೀಗೆ:

```
ಪುಡಿ (ಗ್ರಾಂ) = ನೀರು (ಲೀಟರ್) × 50 ÷ (ಶೇಕಡಾ × 10)
```

ಆದರೆ ಬ್ಲೀಚಿಂಗ್ ಪೌಡರ್ ತೆರೆದಿಟ್ಟರೆ, ತೇವ ತಾಗಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಚೀಲದಿಂದ ಬಿಡಿಯಾಗಿ ತೂಗಿ ಕೊಡುವ ಪುಡಿ ತರಬೇಡಿ. ಮುಚ್ಚಿದ ಪ್ಯಾಕೆಟ್ ತಂದು ತಯಾರಾದ ತಾರೀಖು ನೋಡಿ. ಪ್ಯಾಕೆಟ್ ಮೇಲೆ 25 ಶೇಕಡಾ ಅಂತಿದ್ದರೆ 200 ಗ್ರಾಂ ಬೇಕಾಗುತ್ತದೆ. ಪುಡಿಯ ಬದಲು 5 ಶೇಕಡಾದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಸಿಕ್ಕರೆ 1000 ಲೀಟರಿಗೆ 1 ಲೀಟರ್. ಸುವಾಸನೆ, ಸೋಪು ಬೆರೆಸಿದ್ದು ಬೇಡ.

ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯಬಾರದು. ಅದರಲ್ಲಿ ಸುಣ್ಣ ಜಾಸ್ತಿ, ತಳಕ್ಕೆ ಕೂತು ಪೈಪಿಗೆ ಇಳಿಯುತ್ತದೆ. ಗ್ಲೌಸ್, ಕನ್ನಡಕ ಹಾಕಿಕೊಂಡು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಡಿಗೆ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಬಕೆಟ್ ತುಂಬಾ ನೀರು ಸೇರಿಸಿ ಕಲಕಿ, ಸುಣ್ಣ ತಳಕ್ಕೆ ಇಳಿಯಲು ಬಿಡಿ. ಟ್ಯಾಂಕಿಗೆ ನೀರು ಬೀಳುತ್ತಿರುವಾಗಲೇ ಮೇಲಿನ ತಿಳಿಯನ್ನು ಹಾಕಿದರೆ ಚೆನ್ನಾಗಿ ಬೆರೆಯುತ್ತದೆ.

ಟ್ಯಾಂಕ್ ತುಂಬಿದ ಮೇಲೆ ನೀರು ಬರುವ ವಾಲ್ವ್ ಮುಚ್ಚಿ. ಟ್ಯಾಂಕಿಗೆ ಹತ್ತಿರದ ನಲ್ಲಿಯಿಂದ ಶುರುಮಾಡಿ ಒಂದೊಂದೇ ತೆರೆಯಿರಿ. ಕ್ಲೋರಿನ್ ವಾಸನೆ ಘಾಟಾಗಿ ಬಂದ ಕೂಡಲೇ ಮುಚ್ಚಿ ಮುಂದಿನದಕ್ಕೆ ಹೋಗಿ. ಮಿಕ್ಸರಿನಲ್ಲಿ ತಣ್ಣೀರಿನ ಕಡೆ, ಬಿಸಿನೀರಿನ ಕಡೆ ಎರಡೂ ಬಿಡಬೇಕು. ಗೀಸರ್ ಬಳಿಯ ಲೂಪ್ ಇಲ್ಲೂ ಕೆಲಸಕ್ಕೆ ಬಂತು ನೋಡಿ. ಸೋಲಾರ್, ಗೀಸರ್, ಆರ್‌ಓ ಯಾವುದಕ್ಕೂ ಈ ನೀರು ಹೋಗಬಾರದು. ಆರ್‌ಓದ ಮೆಂಬ್ರೇನ್ ಕ್ಲೋರಿನ್‌ಗೆ ಹಾಳಾಗುತ್ತದೆ.

ಮರೆತುಹೋಗುವ ಜಾಗಗಳು ಯಾವಾಗಲೂ ಅವೇ: ವಾಷಿಂಗ್ ಮಷೀನಿನ ಪಾಯಿಂಟು, ಟೆರೇಸಿನ ನಲ್ಲಿ, ಹೆಲ್ತ್ ಫಾಸೆಟ್, "ಮುಂದೆ ಬೇಕಾಗಬಹುದು" ಅಂತ ಬಿಟ್ಟು ಪ್ಲಗ್ ಹಾಕಿದ ಲೈನು. ತೆರೆಯದ ಪಾಯಿಂಟಿಗೆ ಕ್ಲೋರಿನ್ ಹೋಗುವುದೇ ಇಲ್ಲ. ಹಳೇ ನೀರು ಅಲ್ಲೇ ನಿಂತಿದ್ದು ಆಮೇಲೆ ಇಡೀ ಲೈನಿಗೆ ಬೆರೆಯುತ್ತದೆ. ಒಂದು ಕಾಗದದಲ್ಲಿ ಎಲ್ಲ ಪಾಯಿಂಟು ಬರೆದು ಟಿಕ್ ಹಾಕುತ್ತಾ ಹೋಗಿ.

ಇಷ್ಟು ಮಾಡುವಾಗ ಟ್ಯಾಂಕಿನಿಂದ 150 ಲೀಟರ್ ಖರ್ಚಾಯಿತು ಅನ್ನೋಣ. ಅಷ್ಟು ನೀರು ಮತ್ತೆ ತುಂಬಿ, ಅದಕ್ಕೆ 22 ಗ್ರಾಂ ಪುಡಿಯ ತಿಳಿ ಸೇರಿಸಿ. ಆಮೇಲೆ ಮೂರು ಗಂಟೆ ಯಾರೂ ನಲ್ಲಿ ಮುಟ್ಟಬಾರದು. ಜಾಸ್ತಿ ಒಳ್ಳೇದು ಅಂತ ದಿನಗಟ್ಟಲೆ ಬಿಡುವುದೂ ಬೇಡ. ಲೋಹದ ಫಿಟಿಂಗಿಗೆ, ರಬ್ಬರ್ ವಾಶರಿಗೆ ಅದು ಒಳ್ಳೆಯದಲ್ಲ.

ಮೂರು ಗಂಟೆ ಆದ ಮೇಲೆ ಟ್ಯಾಂಕಿಗೆ ಎಲ್ಲಕ್ಕಿಂತ ದೂರದ ನಲ್ಲಿಯ ನೀರು ಪರೀಕ್ಷಿಸಿ. ಮನೆ ಬಳಕೆಯ ಕಿಟ್‌ಗಳು ಕುಡಿಯುವ ನೀರಿನ ಮಟ್ಟ ಅಳೆಯಲು ಮಾಡಿದಂಥವು. 50 ಪಿಪಿಎಂ ನೇರವಾಗಿ ಹಾಕಿದರೆ ತಪ್ಪು ತೋರಿಸುತ್ತವೆ. ಗುಲಾಬಿ ಬಣ್ಣ ಬರುವ ಡಿಪಿಡಿ ಮಾತ್ರೆಯಂತೂ ಕ್ಲೋರಿನ್ ತೀರಾ ಜಾಸ್ತಿಯಾದರೆ ಬಣ್ಣವೇ ಬರದೆ, ಕ್ಲೋರಿನ್ ಇಲ್ಲ ಅನ್ನುವಂತೆ ಕಾಣುತ್ತದೆ. ಅದಕ್ಕೆ 10 ಎಂಎಲ್ ಮಾದರಿ ನೀರಿಗೆ ಆರ್‌ಓ ನೀರು ಸೇರಿಸಿ 500 ಎಂಎಲ್ ಮಾಡಿ, ಅದನ್ನು ಪರೀಕ್ಷಿಸಿ. ಬಂದ ಅಂಕಿಯನ್ನು 50ರಿಂದ ಗುಣಿಸಿ. 0.8 ಬಂದರೆ 40 ಪಿಪಿಎಂ ಇದೆ ಅಂತಾಯಿತು, ಸರಿ. 30ಕ್ಕಿಂತ ಕಡಿಮೆ ಬಂದರೆ ಪೈಪಿನೊಳಗಿನ ಕೊಳೆ ಕ್ಲೋರಿನ್ ತಿಂದಿದೆ. ಪುಡಿ ಹಳೆಯದಿರಬಹುದು ಅನ್ನಿಸಿದರೆ ಟ್ಯಾಂಕಿನ ನೀರನ್ನೂ ಹೀಗೇ ಅಳೆಯಿರಿ. ಟ್ಯಾಂಕಿನಲ್ಲೇ ಕಡಿಮೆ ಇದ್ದರೆ ತಪ್ಪು ಪುಡಿಯದ್ದು ಅಥವಾ ಟ್ಯಾಂಕಿನದ್ದು. ಟ್ಯಾಂಕಿನಲ್ಲಿ ಸರಿಯಿದ್ದು ನಲ್ಲಿಯಲ್ಲಿ ಕಡಿಮೆ ಇದ್ದರೆ ಆ ಲೈನ್ ಮತ್ತೆ ಫ್ಲಶ್ ಮಾಡಿ, ಕ್ಲೋರಿನ್ ಇನ್ನೊಮ್ಮೆ ಹಾಕಬೇಕು. ಕಬ್ಬಿಣದ ಅಂಶ ಇರುವ ಬೋರ್ ನೀರೂ ಕ್ಲೋರಿನ್ ತಿನ್ನುತ್ತದೆ, ಈ ಕೆಲಸಕ್ಕೆ ಸಾಧ್ಯವಾದರೆ ಕಾವೇರಿ ನೀರನ್ನೇ ಬಳಸಿ.

ಹಂತ 8: ತೊಳೆದು, ಪರೀಕ್ಷೆಗೆ ಕೊಡಿ

ಟ್ಯಾಂಕಿನ ಕ್ಲೋರಿನ್ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಬಿಡಬೇಡಿ, ಅದರೊಳಗಿನ ಕೆಲಸಕ್ಕೆ ಬೇಕಾದ ಬ್ಯಾಕ್ಟೀರಿಯಾ ಸಾಯುತ್ತವೆ. ಗಿಡಕ್ಕೆ, ಮಳೆನೀರಿನ ಇಂಗುಗುಂಡಿಗೆ, ಕೆರೆಗೆ ಹೋಗುವ ಚರಂಡಿಗೂ ಬೇಡ. ಒಳಚರಂಡಿ ಇದ್ದರೆ ಅದಕ್ಕೆ ನಿಧಾನವಾಗಿ ಬಿಡಿ. ಇಲ್ಲದಿದ್ದರೆ ಡ್ರಮ್ಮುಗಳಿಗೆ ಹಿಡಿದು ಬಿಸಿಲಲ್ಲಿ ತೆರೆದಿಡಿ. ಬಿಸಿಲಿಗೆ ಕ್ಲೋರಿನ್ ಹೋಗುತ್ತದೆ. ಕಿಟ್‌ನಲ್ಲಿ ನೋಡಿ, ಇಲ್ಲ ಅಂತಾದ ಮೇಲೆ ಅಂಗಳ ತೊಳೆಯಲು ಬಳಸಿ.

ಟ್ಯಾಂಕಿಗೆ ಹೊಸ ನೀರು ತುಂಬಿ, ಅದೇ ಪಟ್ಟಿ ಹಿಡಿದು ಎಲ್ಲ ಪಾಯಿಂಟೂ ಮತ್ತೆ ಬಿಡಿ. ವಾಸನೆ ಹೋಯಿತು ಅನ್ನುವುದೊಂದೇ ಸಾಲದು, ಅಷ್ಟೊತ್ತಿಗೆ ಮೂಗು ಆ ವಾಸನೆಗೆ ಒಗ್ಗಿಹೋಗಿರುತ್ತದೆ. ಟ್ಯಾಂಕಿನ ನೀರನ್ನೂ ನಲ್ಲಿಯ ನೀರನ್ನೂ ಕಿಟ್‌ನಲ್ಲಿ ನೋಡಿ, ಎರಡೂ ಒಂದೇ ಬರಬೇಕು.

ಒಂದು ದಿನ ಬಿಟ್ಟು ಮಾದರಿ ತೆಗೆಯಿರಿ. ತೊಳೆದ ಕೂಡಲೇ ತೆಗೆದರೆ ಉಳಿದ ಕ್ಲೋರಿನ್‌ನಿಂದ ಎಲ್ಲ ಚೆನ್ನಾಗಿದೆ ಅಂತಲೇ ಬರುತ್ತದೆ. ನೀರು ಪರೀಕ್ಷಿಸುವ ಲ್ಯಾಬಿನವರು ಕೊಡುವ ಬಾಟಲಿಯಲ್ಲೇ ಹಿಡಿಯಿರಿ, ಅದರೊಳಗೆ ಕ್ಲೋರಿನ್ ಕಳೆಯುವ ಔಷಧಿ ಇರುತ್ತದೆ, ತೊಳೆಯಬೇಡಿ. ಅಡುಗೆಮನೆ ನಲ್ಲಿಯದೊಂದು, ಎಲ್ಲಕ್ಕಿಂತ ದೂರದ ನಲ್ಲಿಯದೊಂದು, ಟ್ಯಾಂಕಿನದೊಂದು. ಕೋಲಿಫಾರ್ಮ್ ಪರೀಕ್ಷೆ ಅಂತ ಕೇಳಿ, ಅದು ನೀರು ಕೊಳಕಾಗಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ. ಕುಡಿಯುವ ನೀರಿನ 100 ಎಂಎಲ್‌ನಲ್ಲಿ ಅದು ಇರಲೇಬಾರದು. ಅದಕ್ಕೂ ಮುಂಚೆ ಮನೆಯಲ್ಲೇ ಒಮ್ಮೆ ನೋಡಬೇಕು ಅಂದರೆ ಎಚ್2ಎಸ್ ಬಾಟಲಿ ಸಿಗುತ್ತದೆ. ನೀರು ಹಾಕಿ ಒಂದೆರಡು ದಿನ ಇಟ್ಟರೆ, ಕೆಟ್ಟ ನೀರಾದರೆ ಕಪ್ಪಾಗುತ್ತದೆ.

ಮೂರೂ ಕಡೆ ಕೆಟ್ಟದ್ದು ಬಂದರೆ ಪೈಪು ಬಿಟ್ಟು ಸಂಪು, ಟ್ಯಾಂಕು ನೋಡಿ. ಮುಚ್ಚಳ ಸಡಿಲವಿರಬಹುದು, ಸಂಪಿಗೆ ಹೊರಗಿನ ನೀರು ಇಳಿಯುತ್ತಿರಬಹುದು. ಟ್ಯಾಂಕಿನದು ಸರಿಯಿದ್ದು ಒಂದೇ ನಲ್ಲಿಯದು ಕೆಟ್ಟಿದ್ದರೆ ಆ ಲೈನಿನಲ್ಲಿ ಎಲ್ಲೋ ಪ್ಲಗ್ ಹಾಕಿ ಮರೆತ ಪಾಯಿಂಟು ಇದೆಯಾ ಹುಡುಕಿ, ಅದನ್ನು ತೆರೆದು ಹಂತ 6ರಿಂದ ಮತ್ತೆ ಮಾಡಿ. ಮೂರೂ ಸರಿ ಬಂದ ಮೇಲೆ ಲೂಪ್ ತೆಗೆಸಿ ಗೀಸರ್, ಸೋಲಾರ್, ಆರ್‌ಓ ಸೇರಿಸಿ. ಆ ಹೊಸ ಮರೆಗಳು ಟೆಸ್ಟ್ ಆಗಿಲ್ಲ, ಹಾಗಾಗಿ ಪ್ರೆಶರ್ ಪಂಪ್ ಹಾಕಿ ಅವುಗಳ ಸುತ್ತ ಇನ್ನೊಮ್ಮೆ ಟಿಶ್ಯೂ ಪೇಪರ್ ಸುತ್ತಿ ನೋಡಿ. ಗೃಹಪ್ರವೇಶ ಇನ್ನೂ ದೂರವಿದ್ದರೆ ವಾರಕ್ಕೊಮ್ಮೆ ಹೋಗಿ ಎಲ್ಲ ನಲ್ಲಿಯನ್ನೂ ಒಂದೆರಡು ನಿಮಿಷ ಬಿಟ್ಟು ಬನ್ನಿ.